ಸ್ಕ್ಯಾನಿಗೆ ಡೈ ಹಾಕುವ ಮೊದಲು: ಕಿಡ್ನಿ ವಿಷಯದಲ್ಲಿ ನನ್ನ ಅನುಭವ

ನಾನು ಕಾರವಾರದಲ್ಲಿ ಸಿ.ಟಿ. ಸ್ಕ್ಯಾನ್ ತಂತ್ರಜ್ಞನಾಗಿ ಕೆಲಸ ಮಾಡುತ್ತೇನೆ. ಮಶೀನು ನಡೆಸೋದು, ರಕ್ತನಾಳಕ್ಕೆ ಡೈ ಬಿಡೋದು ನನ್ನ ಕೆಲಸ. ಡೈ ಅಂದರೆ ಒಳಗಿನ ಅಂಗಗಳು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲಿ ಅಂತ ಹಾಕುವ ದ್ರವ. ಕಿಡ್ನಿ ಸರಿ ಇಲ್ಲದವರಿಗೆ ಅದರಿಂದ ಕಿಡ್ನಿ ಇನ್ನೂ ಕೆಡಬಹುದು. ಡೈ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಡಾಕ್ಟರು. ಆದರೆ ಸೂಜಿ ಚುಚ್ಚುವ ಮೊದಲು ಪೇಶಂಟ್ ಜೊತೆ ಕೊನೆಯದಾಗಿ ಮಾತಾಡುವವನು ನಾನು. ಆ ಐದು ನಿಮಿಷದ ಮಾತಲ್ಲಿ ಏನು ಕೇಳಬೇಕು ಅನ್ನೋದನ್ನು ವರ್ಷಗಳ ಮೇಲೆ ಕಲಿತಿದ್ದೇನೆ.

ಹೋದ ಮಳೆಗಾಲದಲ್ಲಿ ಅಂಕೋಲಾ ಕಡೆಯ ಹಳ್ಳಿಯಿಂದ 72 ವರ್ಷದ ಅಜ್ಜಿಯೊಬ್ಬರು ಮಗನ ಜೊತೆ ಬಂದಿದ್ದರು. ಒಂದು ತಿಂಗಳಿಂದ ಹೊಟ್ಟೆನೋವು, ತೂಕ ಇಳಿದಿತ್ತು. ಅಲ್ಟ್ರಾಸೌಂಡಲ್ಲಿ ಮೇದೋಜೀರಕ ಗ್ರಂಥಿಯ ಹತ್ತಿರ ಏನೋ ಗಂಟಿನ ಹಾಗೆ ಕಂಡಿತ್ತು. ಅದಕ್ಕೇ ಡೈ ಹಾಕಿ ಹೊಟ್ಟೆಯ ಸಿ.ಟಿ. ಮಾಡಿಸಿ ಅಂತ ಬರೆದಿದ್ದರು. ಹಿಂದಿನ ದಿನದ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಸ 1.9 ಇತ್ತು.

"ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ?" ಅಂದ ಮಗ.

ನೋಡಿದರೆ ಹಾಗೇ ಅನಿಸುತ್ತದೆ. ಆದರೆ ಕ್ರಿಯಾಟಿನಿನ್ ಬರೋದು ನಮ್ಮ ಮಾಂಸಖಂಡಗಳಿಂದ. ದೋಣಿ ಎಳೆಯುವ 35 ವರ್ಷದ ಗಂಡಸಿನ 1.9 ಬೇರೆ, ಸೊರಗಿದ ಅಜ್ಜಿಯ 1.9 ಬೇರೆ. ಅದಕ್ಕೇ ವಯಸ್ಸು, ಗಂಡೋ ಹೆಣ್ಣೋ ಅನ್ನೋದನ್ನು ಸೇರಿಸಿ ಇಜಿಎಫ್‌ಆರ್ ಅಂತ ಲೆಕ್ಕ ಹಾಕುತ್ತಾರೆ. ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತಿದೆ ಅನ್ನೋದರ ಅಂದಾಜು ಅದು. ಆ ಗಂಡಸಿಗೆ ಅದು ಸುಮಾರು 47 ಬರುತ್ತದೆ. ಅಜ್ಜಿಗೆ ಬಂದದ್ದು 28. ನಾವು ಗೆರೆ ಎಳೆಯೋದು 30ರಲ್ಲಿ. 45ರ ಮೇಲೆ ಇದ್ದವರಿಗೆ ಡೈಯಿಂದ ಕಿಡ್ನಿ ಕೆಡುವುದು ತೀರಾ ಅಪರೂಪ. 30ರಿಂದ 44ರ ಒಳಗೆ ಇದ್ದರೆ ಒಬ್ಬೊಬ್ಬರನ್ನೇ ನೋಡಿ ಹೇಳಬೇಕು. 30ಕ್ಕಿಂತ ಕೆಳಗಿದ್ದರೆ ನಿಂತು ಯೋಚನೆ ಮಾಡಲೇಬೇಕು.

ಸಕ್ಕರೆ ಕಾಯಿಲೆ ಇದೆ ಅಂತ ಮಾತ್ರಕ್ಕೆ, ಒಂದೇ ಕಿಡ್ನಿ ಇದೆ ಅಂತ ಮಾತ್ರಕ್ಕೆ ತುಂಬಾ ಜನ ಡೈಗೆ ಹೆದರುತ್ತಾರೆ. ಕಿಡ್ನಿ ಚೆನ್ನಾಗಿ ಸೋಸುತ್ತಿದ್ದರೆ ಅವೆರಡೇ ದೊಡ್ಡ ಅಪಾಯ ಅಲ್ಲ. ನಮ್ಮ ಕರಾವಳಿಯಲ್ಲಿ "ನಂಗೆ ಸಿಗಡಿ ಆಗೋದಿಲ್ಲ, ಡೈ ಬೇಡ" ಅನ್ನುವವರೂ ಸಿಗುತ್ತಾರೆ. ಸಿಗಡಿ ಅಲರ್ಜಿಗೂ ಕಿಡ್ನಿಗೂ ಸಂಬಂಧವೇ ಇಲ್ಲ. ಡೈಗೆ ಹಿಂದೆ ಅಲರ್ಜಿ ಆಗಿತ್ತಾ ಅನ್ನೋದು ಮುಖ್ಯ, ಅದು ಬೇರೆ ಪ್ರಶ್ನೆ.

ಅಜ್ಜಿಯ ಪಕ್ಕ ಕೂತು ನಾನು ಮೊದಲು ಕೇಳಿದ್ದು ಇದು: "ಅಮ್ಮಾ, ಇವತ್ತು ನೀರು ಕುಡಿದಿರಾ?"

"ಇಲ್ಲ ತಮ್ಮಾ. ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ರು. ರಾತ್ರಿ ಎಂಟಕ್ಕೆ ಗಂಜಿ ಉಂಡಿದ್ದು."

ನಮ್ಮ ಬಳಿ ಬಂದಾಗ ಹನ್ನೊಂದು ಗಂಟೆ. ಅಂದರೆ ಹದಿನೈದು ಗಂಟೆ ಒಂದು ಗುಟುಕು ನೀರೂ ಇಲ್ಲ. ಕಿಡ್ನಿಗೆ ಇದು ಯಾಕೆ ಕೆಟ್ಟದ್ದು ಅಂದರೆ, ಡೈ ಹೊರಗೆ ಹೋಗೋದು ಹೆಚ್ಚುಕಡಿಮೆ ಎಲ್ಲಾ ಮೂತ್ರದಲ್ಲೇ. ಕಿಡ್ನಿಯ ಸಣ್ಣ ನಾಳಗಳಲ್ಲಿ ನೀರು ಹಿಂದಕ್ಕೆ ಹೀರಿಕೊಂಡಾಗ ಡೈ ದಪ್ಪ ಆಗಿ ಉಳಿಯುತ್ತದೆ. ಅಲ್ಲಿನ ರಕ್ತನಾಳಗಳೂ ಸ್ವಲ್ಪ ಹೊತ್ತು ಬಿಗಿಯುತ್ತವೆ. ಕಿಡ್ನಿಯ ಒಳಭಾಗಕ್ಕೆ ಮೊದಲೇ ಆಮ್ಲಜನಕ ಕಮ್ಮಿ, ಆಗ ಇನ್ನೂ ಕಮ್ಮಿ ಆಗುತ್ತದೆ. ಮೈಯಲ್ಲಿ ನೀರು ಸಾಕಷ್ಟಿದ್ದರೆ ಡೈ ತೆಳುವಾಗಿ ಬೇಗ ಹೊರಗೆ ಹೋಗುತ್ತದೆ.

ಆ ದಿನದ ನಂತರ ನಮ್ಮ ಚೀಟಿಯಲ್ಲಿ "ಖಾಲಿ ಹೊಟ್ಟೆ" ಅನ್ನೋ ಮಾತನ್ನು ಸ್ಕ್ಯಾನ್ ಓದುವ ಡಾಕ್ಟರು, ಅಂದರೆ ನಮ್ಮ ರೇಡಿಯಾಲಜಿಸ್ಟ್, ತೆಗೆಸಿದರು. ಈಗ "ನಾಲ್ಕು ಗಂಟೆ ಮೊದಲು ಹಗುರ ಊಟ ಮಾಡಿ, ನೀರು ಮತ್ತು ಗಂಜಿ ತಿಳಿ ಕುಡಿಯಬಹುದು" ಅಂತ ಬರೆದಿದೆ. ಹೃದಯದ ತೊಂದರೆಗೆ ನೀರು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದವರು ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಎರಡನೇ ಪ್ರಶ್ನೆ ಮಾತ್ರೆಯದ್ದು. "ಏನು ಮಾತ್ರೆ ತಗೊಳ್ತೀರಿ?" ಅಂದರೆ ಎಲ್ಲರೂ ಸಕ್ಕರೆ, ಬಿ.ಪಿ. ಮಾತ್ರೆ ಹೇಳುತ್ತಾರೆ. ನೋವಿನ ಮಾತ್ರೆಯನ್ನು ಯಾರೂ ಹೇಳೋದಿಲ್ಲ, ಅದನ್ನು ಔಷಧಿ ಅಂತ ಲೆಕ್ಕಕ್ಕೇ ಇಟ್ಟಿರೋದಿಲ್ಲ. ಅದಕ್ಕೆ ನಾನು "ಮಂಡಿನೋವಿಗೆ ಏನು ಮಾಡ್ತೀರಿ?" ಅಂತ ಕೇಳುತ್ತೇನೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಪಟ್ಟಿ ತೋರಿಸಿದರು. ಡೈಕ್ಲೋಫೆನಾಕ್. ಹೊಟ್ಟೆನೋವಿಗೂ ಅದನ್ನೇ ನುಂಗುತ್ತಿದ್ದರು, ಮೂರು ವಾರದಿಂದ, ದಿನಕ್ಕೆ ಎರಡರಂತೆ. ಕಿಡ್ನಿಗೆ ಹೋಗುವ ರಕ್ತವನ್ನು ಈ ಜಾತಿಯ ಮಾತ್ರೆಗಳು ಕಮ್ಮಿ ಮಾಡುತ್ತವೆ. ನೀರೂ ಇಲ್ಲ, ಮೇಲಿಂದ ಈ ಮಾತ್ರೆ ಅಂದರೆ 1.9 ಬಂದಿದ್ದು ಆಶ್ಚರ್ಯ ಅಲ್ಲ.

ಸಕ್ಕರೆಗೆ ಮೆಟ್‌ಫಾರ್ಮಿನ್ ಕೂಡ ಇತ್ತು. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸೋದಿಲ್ಲ. ಆದರೆ ಕಿಡ್ನಿ ನಿಧಾನ ಆದರೆ ಅದು ಮೈಯಲ್ಲೇ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದು. ಹಾಗಾಗಿ ಇಜಿಎಫ್‌ಆರ್ 30ಕ್ಕಿಂತ ಕಮ್ಮಿ ಇದ್ದವರಿಗೆ ಅದನ್ನು ನಿಲ್ಲಿಸುತ್ತಾರೆ. ಡೈ ಆದ 48 ಗಂಟೆ ಮೇಲೆ ರಕ್ತ ನೋಡಿ ಮತ್ತೆ ಶುರು ಮಾಡಬೇಕೋ ಅಂತ ಹೇಳುತ್ತಾರೆ. 30ರ ಮೇಲಿದ್ದು ಕಿಡ್ನಿ ಸ್ಥಿರವಾಗಿದ್ದರೆ ಡೈಗಾಗಿ ನಿಲ್ಲಿಸಬೇಕು ಅಂತಿಲ್ಲ.

ನಾನು ರೇಡಿಯಾಲಜಿಸ್ಟ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಸ್ಕ್ಯಾನ್ ಬರೆದುಕೊಟ್ಟಿದ್ದ ಡಾಕ್ಟರಿಗೆ ಅವರು ಫೋನ್ ಮಾಡಿದರು. ಮೊದಲ ಪ್ರಶ್ನೆ, ಡೈ ಇಲ್ಲದೆ ಆಗುತ್ತದಾ? ಕಿಡ್ನಿ ಕಲ್ಲಿಗಾದರೆ ಸಾದಾ ಸಿ.ಟಿ. ಸಾಕು. ಮೇದೋಜೀರಕ ಗ್ರಂಥಿಯ ಗಂಟು ಡೈ ಇಲ್ಲದೆ ಸರಿಯಾಗಿ ತಿಳಿಯೋದಿಲ್ಲ. ಎರಡನೇ ಪ್ರಶ್ನೆ, ಇವತ್ತೇ ಆಗಬೇಕಾ? ಬೇಡ, ಕೆಲವು ದಿನ ಕಾಯಬಹುದು ಅಂದರು ಡಾಕ್ಟರು. ಡೈಕ್ಲೋಫೆನಾಕ್ ಪೂರ್ತಿ ಬಂದ್, ಮೆಟ್‌ಫಾರ್ಮಿನ್ ಸದ್ಯಕ್ಕೆ ಬಂದ್, ನೋವಿಗೆ ಪ್ಯಾರಾಸಿಟಮಾಲ್, ಚೆನ್ನಾಗಿ ನೀರು ಕುಡಿಯಬೇಕು, ಸಕ್ಕರೆ ನೋಡಿಸುತ್ತಾ ಇರಬೇಕು, ಐದು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಮಗನಿಗೆ ಬೇಜಾರಾಯಿತು. ಒಂದು ದಿನದ ಕೆಲಸ ಬಿಟ್ಟು, ಮಳೆಯಲ್ಲಿ ಎರಡು ಬಸ್ಸು ಹತ್ತಿ ಬಂದವನು. ಸುಮ್ನೆ ವಾಪಸ್ ಕಳಿಸೋದು ನನಗೂ ಕಷ್ಟ.

ಹಾಗಿದ್ದೂ ನಾನು ಗಟ್ಟಿಯಾಗಿ ನಿಲ್ಲೋದಕ್ಕೆ ಒಂದು ಕಾರಣ ಇದೆ. ಬಹಳ ಹಿಂದೆ, ಬೇರೆ ಕಡೆ ಕೆಲಸ ಮಾಡುತ್ತಿದ್ದಾಗ, ಗದ್ದೆ ಕೆಲಸ ಮಾಡುವ ಯುವಕನೊಬ್ಬನನ್ನು ಕರೆತಂದರು. ಜ್ವರ, ಮೈಕೈ ನೋವು, ಕಣ್ಣು ಕೆಂಪು, ಹೊಟ್ಟೆನೋವು. ಫೈಲಲ್ಲಿ ಕ್ರಿಯಾಟಿನಿನ್ 1.1 ಇತ್ತು. ನಾನು ಡೈ ಬಿಟ್ಟೆ. ಅದು ಮೂರು ದಿನ ಹಳೆಯ ರಿಪೋರ್ಟು ಅನ್ನೋದನ್ನು ನಾನು ನೋಡಿರಲಿಲ್ಲ. ಮಾರನೇ ದಿನ 3.4 ಆಯಿತು, ಮೂತ್ರ ತೀರಾ ಕಮ್ಮಿಯಾಯಿತು. "ಡೈಯಿಂದ ಹೀಗಾಯಿತು" ಅಂತ ಮನೆಯವರು ಅತ್ತರು. ನಾನೂ ಹಾಗೇ ಅಂದುಕೊಂಡೆ.

ಆಮೇಲೆ ಗೊತ್ತಾಯಿತು. ಸ್ಕ್ಯಾನಿನ ದಿನ ಬೆಳಿಗ್ಗೆ, ಡೈಗೆ ಮೊದಲೇ, ವಾರ್ಡಿನಲ್ಲಿ ತೆಗೆದ ರಕ್ತದಲ್ಲಿ 2.8 ಬಂದಿತ್ತು. ರಿಪೋರ್ಟು ಮಾತ್ರ ಸಂಜೆ ಬಂತು. ಅದು ಇಲಿ ಜ್ವರ. ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ನಿಂತು ಕೆಲಸ ಮಾಡುವವರಿಗೆ ನಮ್ಮಲ್ಲಿ ಬರುತ್ತದೆ, ಕಿಡ್ನಿಯನ್ನೇ ಹಿಡಿಯುತ್ತದೆ. ಕಿಡ್ನಿ ಮೊದಲೇ ಕೆಡುತ್ತಿತ್ತು, ನಾನು ಅದರ ಮೇಲೆ ಡೈ ಹಾಕಿದ್ದೆ. ಡೈ ಅದನ್ನು ಎಷ್ಟು ಹೆಚ್ಚು ಮಾಡಿತು ಅಂತ ಯಾರೂ ಬಿಡಿಸಿ ಹೇಳೋಕೆ ಆಗಲಿಲ್ಲ. ಆತ ಎರಡು ಸಲ ಡಯಾಲಿಸಿಸ್ ಆಗಿ, ಮೂರು ವಾರದಲ್ಲಿ ಚೇತರಿಸಿಕೊಂಡ.

ಕಿಡ್ನಿ ಕೆಟ್ಟ ಕೂಡಲೇ ಕ್ರಿಯಾಟಿನಿನ್ ಏರೋದಿಲ್ಲ, ಒಂದೆರಡು ದಿನ ತಡವಾಗಿ ಏರುತ್ತದೆ. ಇಜಿಎಫ್‌ಆರ್ ಲೆಕ್ಕವೂ ಕ್ರಿಯಾಟಿನಿನ್ ಒಂದೇ ಮಟ್ಟದಲ್ಲಿ ನಿಂತಿದ್ದಾಗ ಮಾತ್ರ ನಂಬಿಕೆಗೆ ಬರುತ್ತದೆ. ಹಾಗಾಗಿ ಜ್ವರ, ವಾಂತಿ, ಭೇದಿ ಇರುವವರ ಹಳೆಯ ರಿಪೋರ್ಟನ್ನು ನಾನು ಒಪ್ಪೋದಿಲ್ಲ. ನಿನ್ನೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದೀರಿ ಅಂತ ಕೇಳುತ್ತೇನೆ. ರಿಪೋರ್ಟಿಗಿಂತ ಮೊದಲು ಕೆಲವೊಮ್ಮೆ ಅದೇ ಸುಳಿವು ಕೊಡುತ್ತದೆ.

ಎಲ್ಲರನ್ನೂ ಕಾಯಿಸೋದಲ್ಲ ಇದು. ಹೆದ್ದಾರಿ ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವನಿಗೆ, ಪಾರ್ಶ್ವವಾಯು ಹೊಡೆದು ಒಂದು ಗಂಟೆಯೊಳಗೆ ಬಂದವರಿಗೆ ಕ್ರಿಯಾಟಿನಿನ್ ಕಾಯುತ್ತಾ ಕೂರಬಾರದು. ಅಲ್ಲಿ ತಡ ಆದರೆ ಜೀವವೇ ಹೋಗಬಹುದು. ಡಾಕ್ಟರು ಹೇಳಿದ ಕೂಡಲೇ ನಾನು ಡೈ ಬಿಡುತ್ತೇನೆ.

ಅಜ್ಜಿ ಐದು ದಿನಕ್ಕೆ ಸರಿಯಾಗಿ ಬಂದರು. ಕ್ರಿಯಾಟಿನಿನ್ 1.5ಕ್ಕೆ ಇಳಿದಿತ್ತು, ಇಜಿಎಫ್‌ಆರ್ 37. ಈಗ ಸಲೈನ್ ಹಾಕಲೇಬೇಕು ಅಂತಿರಲಿಲ್ಲ. ಆದರೆ ಈಗಷ್ಟೇ ಚೇತರಿಸಿಕೊಂಡ ಕಿಡ್ನಿ ಅಂತ ಡಾಕ್ಟರು ಹಾಕಿ ಅಂದರು. ಹೃದಯದ ಎಕೋ ಚೆನ್ನಾಗಿತ್ತು. ಅರ್ಧ ಲೀಟರ್ ಸಾದಾ ಉಪ್ಪಿನ ಸಲೈನ್ ಸ್ಕ್ಯಾನಿಗೆ ಮೊದಲು ಶುರು ಮಾಡಿ, ಇನ್ನರ್ಧ ಲೀಟರ್ ಆಮೇಲೆ ನಿಧಾನವಾಗಿ ಬಿಟ್ಟೆವು. ಕೆಲವು ಕಡೆ ಡೈಯಿಂದ ಕಿಡ್ನಿ ಕಾಪಾಡೋಕೆ ಅಂತ ಅಸಿಟೈಲ್ ಸಿಸ್ಟೀನ್ ಪುಡಿ ಕುಡಿಸುವ ರೂಢಿ ಇನ್ನೂ ಇದೆ. 2018ರಲ್ಲಿ ಬಂದ ದೊಡ್ಡ ಅಧ್ಯಯನ ಅದರಿಂದ ಉಪಯೋಗ ಇಲ್ಲ ಅಂತ ತೋರಿಸಿತು. ಸೋಡಾ ಬೈಕಾರ್ಬನೇಟ್ ಕೂಡ ಸಲೈನಿಗಿಂತ ಮೇಲೇನಲ್ಲ. ಮೂತ್ರ ಬರಿಸುವ ಇಂಜೆಕ್ಷನ್ ಕೊಟ್ಟು ಡೈ ಹೊರಗೆ ಹಾಕೋಣ ಅನ್ನೋದು ಉಲ್ಟಾ, ಮೈ ಇನ್ನೂ ಒಣಗುತ್ತದೆ.

ಡೈ ನಾವು ಇಂಥ ಸ್ಕ್ಯಾನಿಗೆ 100 ಮಿ.ಲೀ. ಹಾಕುತ್ತೇವೆ. ಅಜ್ಜಿ 46 ಕೆ.ಜಿ. ಇದ್ದರು, ರೇಡಿಯಾಲಜಿಸ್ಟ್ 70 ಸಾಕು ಅಂದರು. ಚಿತ್ರ ಚೆನ್ನಾಗೇ ಬಂತು. ಅಲ್ಲಿದ್ದದ್ದು ನೀರುಗುಳ್ಳೆ.

ಕಳಿಸುವಾಗ ಮಗನಿಗೆ ಒಂದೇ ಮಾತು ಹೇಳಿದೆ. ಎರಡು ದಿನ ಕಳೆದು ಮೂರನೇ ದಿನ ರಕ್ತ ಕೊಡಬೇಕು. ಡೈಯಿಂದ ಕಿಡ್ನಿ ಕೆಟ್ಟರೆ ಅದೇ ದಿನ ಗೊತ್ತಾಗೋದಿಲ್ಲ. ಕ್ರಿಯಾಟಿನಿನ್ ಎರಡು ದಿನದೊಳಗೆ ಏರಲು ಶುರು ಆಗಿ, ಮೂರರಿಂದ ಐದನೇ ದಿನಕ್ಕೆ ಹೆಚ್ಚಿಗೆ ಆಗಿ, ಬಹುತೇಕರಲ್ಲಿ ಒಂದೆರಡು ವಾರದಲ್ಲಿ ಇಳಿಯುತ್ತದೆ. 48 ಗಂಟೆಯೊಳಗೆ 0.3 ಏರಿದರೂ ಡಾಕ್ಟರಿಗೆ ತೋರಿಸಬೇಕು. ಇದಕ್ಕಾಗಿ ಮತ್ತೆ ಕಾರವಾರಕ್ಕೆ ಬರೋದು ಬೇಡ, ಊರ ಹತ್ತಿರದ ಲ್ಯಾಬಲ್ಲೇ ಕೊಟ್ಟು ಫೋಟೋ ಕಳಿಸು ಅಂದೆ. ಬರೋಕೆ ಹೇಳಿದರೆ ಯಾರೂ ಬರೋದಿಲ್ಲ, ಫೋಟೋ ಆದರೆ ಕಳಿಸುತ್ತಾರೆ. ಮೂರನೇ ದಿನ ಸಂಜೆ ವಾಟ್ಸಾಪಲ್ಲಿ ಬಂತು, 1.6. ಡಾಕ್ಟರಿಗೆ ಕಳಿಸಿದೆ. ಮೆಟ್‌ಫಾರ್ಮಿನ್ ಕಮ್ಮಿ ಪ್ರಮಾಣದಲ್ಲಿ ಮತ್ತೆ ಶುರು ಮಾಡಿ, ಡೈಕ್ಲೋಫೆನಾಕ್ ಮುಟ್ಟಬೇಡಿ ಅಂತ ಅವರು ಬರೆದರು.