ಮಂಡ್ಯದ ಕಿವಿ, ಗದಗದ ಓಪಿಡಿ

ನಾನು ಮಂಡ್ಯದ ಕಡೆಯವಳು. ಡಾಕ್ಟರಾಗಿ ಕೆಲಸಕ್ಕೆ ಸೇರಿದ್ದು ಗದಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ಎರಡೂ ಕಡೆ ಕನ್ನಡವೇ. ಆದರೆ ಓಪಿಡಿಯಲ್ಲಿ ಅರ್ಧಂಬರ್ಧ ಅರ್ಥವಾದರೆ ಸಾಲದು, ಅಲ್ವಾ? ಅದಕ್ಕೇ ಅಲ್ಲಿನ ಮಾತನ್ನು ಬೇಕೆಂದೇ ಕಲಿತೆ.

ಮೊದಲು ಹಿಡಿದದ್ದು ಸದ್ದು. ಪದದ ಕೊನೆಯ ‘ಎ’ ಅಲ್ಲಿ ‘ಇ’ ಆಗುತ್ತದೆ. ತಲೆ ತಲಿ, ಎದೆ ಎದಿ, ಹೊಟ್ಟೆ ಹೊಟ್ಟಿ. ಮೊದಲಿನ ‘ಏ’ ಎಷ್ಟೋ ಕಡೆ ‘ಯಾ’ ಆಗುತ್ತದೆ. ಪೇಟೆ ಪ್ಯಾಟಿ, ಬೇಳೆ ಬ್ಯಾಳಿ. ಇದರಲ್ಲಿ ಅರ್ಧ ನನಗೆ ಹೊಸದಲ್ಲ, ನಮ್ಮೂರಲ್ಲೂ ಪ್ಯಾಟೆ, ಬ್ಯಾಡ ಅಂತಾರೆ. ಆದರೆ ಎಲ್ಲ ‘ಏ’ ಹೀಗೆ ಬದಲಾಗಲ್ಲ. ಬರವಣಿಗೆಯಲ್ಲಿ ಅದರ ಮುಂದೆ ಅ, ಎ ಬಂದರೆ ಬದಲಾಗುತ್ತದೆ. ಇ, ಉ ಬಂದರೆ ಇಲ್ಲ. ಬೇಲಿ ಬೇಲಿಯಾಗೇ ಇರುತ್ತದೆ, ಬೇರು ಬೇರಾಗೇ ಇರುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ಹೊಸ ಪದಗಳು ತಾವಾಗೇ ಬಿಡಿಸಿಕೊಂಡವು. ‘ಬ್ಯಾನಿ ತಿನ್ನಾಕತ್ತಾಳ್ರಿ’ ಎಂದು ಯಾರಾದರೂ ಓಡಿ ಬಂದರೆ ಬ್ಯಾನಿ ಎಂದರೆ ಬೇನೆ, ಹೆರಿಗೆ ನೋವು ಶುರುವಾಗಿದೆ ಅಂತ.

ಕ್ರಿಯಾಪದ ಇನ್ನೂ ನಾಜೂಕು. ‘ಜ್ವರ ಬಂದಾವ್ರಿ’ ಅಂತಾರೆ. ನಮ್ಮ ಕಡೆಯ ಕಿವಿಗೆ ‘ಬಂದಾವು’ ಎಂದರೆ ಬಂದರೂ ಬರಬಹುದು. ಅಲ್ಲಿ ಅದು ‘ಬಂದಿವೆ’. ಅಂದರೆ ಜ್ವರ ಈಗಲೇ ಮೈಯಲ್ಲಿದೆ. ‘ಬಂದಾನ’ ಬಂದಿದ್ದಾನೆ, ‘ಹೋಗ್ಯಾನ’ ಹೋಗಿದ್ದಾನೆ. ಹಾಗೇ ‘ನೋಯಾಕತ್ತೇತಿ’ ಅಂದರೆ ನೋಯ್ತಾ ಇದೆ. ರೋಗ ಯಾವಾಗ ಶುರುವಾಯಿತು, ಈಗಲೂ ಇದೆಯಾ ಅನ್ನೋದೆಲ್ಲ ಈ ಪುಟ್ಟ ತುದಿಗಳಲ್ಲೇ ಇರುತ್ತದೆ.

ಎಲ್ಲಕ್ಕಿಂತ ಅಪಾಯ ಅಂದರೆ ಎರಡೂ ಕಡೆ ಇದ್ದು ಅರ್ಥ ಬೇರೆಯಾದ ಪದಗಳು. ಗೊತ್ತಿಲ್ಲದ ಪದವಾದರೆ ತಿರುಗಿ ಕೇಳ್ತೀವಿ. ಗೊತ್ತಿದೆ ಅಂದುಕೊಂಡ ಪದವನ್ನು ಯಾರೂ ಕೇಳಲ್ಲ. ‘ತಿಂಡಿ’ಯನ್ನೇ ನೋಡಿ. ನಮಗೆ ಅದು ಬೆಳಗಿನ ಇಡ್ಲಿ, ಉಪ್ಪಿಟ್ಟು. ಅಲ್ಲಿ ‘ಮೈಯೆಲ್ಲಾ ತಿಂಡಿ ಐತ್ರಿ’ ಅಂದರೆ ಮೈಯೆಲ್ಲಾ ತುರಿಕೆ. ಕಜ್ಜಿಗೆ ತೋರಿಸಲು ಬಂದವರಿಗೆ ‘ತಿಂಡಿ ಆದ ಮೇಲೆ ಒಂದು ಮಾತ್ರೆ ತಗೊಳ್ಳಿ’ ಎಂದರೆ ಏನಾಗುತ್ತೆ? ಅವರು ತುರಿಕೆ ಬಂದಾಗಲೆಲ್ಲ ಒಂದೊಂದು ನುಂಗಬಹುದು. ತುರಿಕೆಯ ಮಾತ್ರೆಗಳಲ್ಲಿ ಎಷ್ಟೋ ನಿದ್ದೆ ಬರಿಸುವಂಥವು. ಅದಕ್ಕೆ ನಾನು ಹೇಳುವುದು ಹೀಗೆ: ‘ಮುಂಜಾನೆ ನಾಷ್ಟಾ ಆದ ಮೇಲೆ ಒಂದೇ ಗುಳಿಗಿ ತಗೋರಿ.’ ಆಮೇಲೆ ಅವರ ಬಾಯಲ್ಲೇ ಹೇಳಿಸುತ್ತೇನೆ: ‘ಯಾವಾಗ ತಗೋತೀರಿ, ಎಷ್ಟು?’ ಬರೀ ತಲೆ ಆಡಿಸಿದರೆ ಬಿಡುವುದಿಲ್ಲ.

ಎಣ್ಣೆಯದೂ ಇದೇ ಕಥೆ. ಹತ್ತಿ, ಮೆಣಸಿನಕಾಯಿ ಹೊಲದಿಂದ ನೇರ ಬಂದ ರೈತರೊಬ್ಬರು ‘ಎಣ್ಣಿ ಹೊಡದು ಬಂದೀನ್ರಿ, ತಲಿ ತಿರಗಾಕತ್ತೇತಿ’ ಅಂದರು. ದಕ್ಷಿಣದವರಿಗೆ ಅದು ಕುಡಿತದ ಮಾತಾಗಿ ಕೇಳಿಸುತ್ತೆ. ಅವರು ಹೇಳಿದ್ದು ಬೆಳೆಗೆ ಕೀಟನಾಶಕ ಹೊಡೆದ ವಿಷಯ. ಪಕ್ಕದಲ್ಲಿದ್ದ ಸಿಸ್ಟರ್ ಕೂಡಲೇ ‘ಯಾವ ಎಣ್ಣಿ ಕಾಕಾ? ಡಬ್ಬಿ ತಂದೀರೇನು?’ ಎಂದು ಕೇಳಿದರು. ನಾನು ಕಣ್ಣಿಗೆ ಟಾರ್ಚ್ ಬಿಟ್ಟೆ. ಪಾಪೆ ಸಣ್ಣಗಾಗಿತ್ತು, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಕೂಡಲೇ ಬಟ್ಟೆ ತೆಗೆಸಿ, ಮೈ ತೊಳೆಸಿ, ಆ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧಿ ಶುರು ಮಾಡಿದೆವು. ಅವತ್ತಿನಿಂದ ಸಿಸ್ಟರ್ ಕೇಳಿದ ಆ ಎರಡು ಪ್ರಶ್ನೆಗಳು ನನ್ನವೂ ಆದವು.

ಇಷ್ಟಾದರೂ ನಾನು ಪೂರ್ತಿ ಅವರ ಹಾಗೆ ಮಾತಾಡಲು ಹೋಗುವುದಿಲ್ಲ. ಬರದ ಧಾಟಿಯನ್ನು ಎಳೆದರೆ ಅಣಕಿಸಿದಂತೆ ಕೇಳಿಸುತ್ತದೆ. ಕ್ರಿಯಾಪದ ಹೆಚ್ಚಾಗಿ ನನ್ನದೇ. ಮೈಯ ಭಾಗ, ನೋವು, ಹೊತ್ತು, ಔಷಧಿ ಇವುಗಳ ಹೆಸರು ಅವರದ್ದು. ಸೊಂಟಕ್ಕೆ ಟೊಂಕ, ಮಂಡಿಗೆ ಮೊಳಕಾಲು, ಬೆನ್ನಿಗೆ ಡುಬ್ಬ. ಜೊತೆಗೆ ‘ರಿ’. ‘ಹೇಳಿ’ ಅನ್ನುವುದು ನಮ್ಮಲ್ಲಿ ಮರ್ಯಾದೆಯೇ, ಅಲ್ಲಿ ‘ಹೇಳ್ರಿ’ ಅಂದರೇನೇ ಮುಖ ಅರಳುವುದು.

ರೋಗಿಗಳೂ ನಮ್ಮ ಕಡೆಗೆ ವಾಲುತ್ತಾರೆ. ಹೊರಗಿನವಳು ಅಂತ ಗೊತ್ತಾದ ತಕ್ಷಣ ಟಿವಿ ಕನ್ನಡಕ್ಕೆ ಬಂದು ಸುಮ್ನೆ ‘ಹೊಟ್ಟೆ ನೋವು’ ಅಂದುಬಿಡುತ್ತಾರೆ. ಹೊಟ್ಟಿ ಕಡಿಯುತ್ತಾ, ಉರಿಯುತ್ತಾ, ಉಬ್ಬಿದೆಯಾ ಅನ್ನುವುದೆಲ್ಲ ಆ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತದೆ. ಆಗ ನಾನೇ ಮೊದಲು ‘ಹೊಟ್ಟಿ ಕಡೀತೈತೇನ್ರಿ?’ ಎಂದು ಕೇಳುತ್ತೇನೆ. ಅಲ್ಲಿಂದ ಮುಂದೆ ಅವರು ತಮ್ಮ ಮಾತಿನಲ್ಲೇ ಹೇಳಲು ಶುರು ಮಾಡುತ್ತಾರೆ: ಎಲ್ಲಿ ಕಡೀತೈತಿ, ಉಂಡ ಮ್ಯಾಲೋ, ಹಸದಾಗೋ, ಎಷ್ಟೊತ್ತು ಇರತೈತಿ.