ಕೆಲಸ ಬಿಟ್ಟ ಮೇಲೂ ನಾನ್-ಕಂಪೀಟ್ ಷರತ್ತು ನಿಮ್ಮನ್ನು ಕಟ್ಟಿಹಾಕುತ್ತಾ? ಕರಾರು ಓದುವುದು ಹೀಗೆ

ಕಂಪನಿ ಬದಲಾಯಿಸುವವರು ಈ ಷರತ್ತನ್ನು ಎರಡು ರೀತಿಯಲ್ಲಿ ತಪ್ಪಾಗಿ ಓದುವುದನ್ನು ನೋಡಿದ್ದೇನೆ. ಕೆಲವರು "ಕೆಲಸ ಬಿಟ್ಟ 12 ತಿಂಗಳು ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ" ಎಂಬ ಸಾಲು ನೋಡಿ ಹೆದರಿ, ಕೈಗೆ ಬಂದ ಒಳ್ಳೇ ಆಫರ್ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು "ಇಂಡಿಯಾದಲ್ಲಿ ಇದೆಲ್ಲ ನಡೆಯಲ್ಲ ಬಿಡ್ರೀ" ಅಂತ ಯಾರೋ ಹೇಳಿದ್ದನ್ನು ನಂಬಿ, ನೋಟಿಸ್ ಪಿರಿಯಡ್ ಅರ್ಧದಲ್ಲೇ ಹೊಸ ಆಫೀಸಿಗೆ ಹೋಗಿ ಕೂರುತ್ತಾರೆ. ಹೋಗುವಾಗ ಹಳೇ ಲ್ಯಾಪ್‌ಟಾಪಿನ ಒಂದಷ್ಟು ಫೈಲುಗಳನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಂಡಿರುತ್ತಾರೆ. ಮೊದಲನೆಯವರಿಗೆ ಆಗಿದ್ದು ಸುಮ್ನೆ ನಷ್ಟ. ಎರಡನೆಯವರು ಮಾತ್ರ ನಿಜಕ್ಕೂ ಸಿಕ್ಕಿಬೀಳಬಹುದು.

ಕಾನೂನಿನ ಬುಡ ಇರುವುದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ. ಕಾನೂನಿಗೆ ಒಪ್ಪಿತವಾದ ಯಾವುದೇ ಉದ್ಯೋಗ, ವ್ಯಾಪಾರ, ವೃತ್ತಿ ಮಾಡದಂತೆ ಒಬ್ಬರನ್ನು ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ, ಅಂದರೆ ಅದಕ್ಕೆ ಬೆಲೆಯೇ ಇಲ್ಲ. ಇಂಗ್ಲೆಂಡಿನಲ್ಲಿ ಕೋರ್ಟು "ಈ ತಡೆ ನ್ಯಾಯವಾಗಿದೆಯಾ, ಅವಧಿ ಜಾಸ್ತಿ ಆಯ್ತಾ" ಅಂತ ಅಳೆದು ನೋಡುತ್ತದೆ. ನಮ್ಮಲ್ಲಿ ಕೆಲಸ ಬಿಟ್ಟ ನಂತರದ ತಡೆಗೆ ಆ ಅಳತೆಯೇ ಇಲ್ಲ. ಆರು ತಿಂಗಳಾದರೂ ಒಂದೇ, ಮೂರು ವರ್ಷವಾದರೂ ಒಂದೇ.

ಆದರೆ ಇದು ನಿಮ್ಮ ಕರಾರಿನ ಯಾವ ಸಾಲಿಗೆ ಅನ್ವಯಿಸುತ್ತದೆ ಅನ್ನುವುದೇ ಮುಖ್ಯ. ಅದಕ್ಕೇ ಹಂತ ಹಂತವಾಗಿ ನೋಡಬೇಕು.

ಹೆಜ್ಜೆ 1: ಸಹಿ ಹಾಕಿದ ಎಲ್ಲಾ ಕಾಗದ ಒಂದೆಡೆ ಸೇರಿಸಿ. ಆಫರ್ ಲೆಟರ್, ಅಪಾಯಿಂಟ್‌ಮೆಂಟ್ ಲೆಟರ್, ಬಾಂಡ್, ನಡುವೆ ಎಚ್‌ಆರ್ ಪೋರ್ಟಲ್‌ನಲ್ಲಿ ಕ್ಲಿಕ್ ಮಾಡಿ ಒಪ್ಪಿಕೊಂಡ ಪಾಲಿಸಿಗಳು, ಷೇರು ಕೊಟ್ಟಿದ್ದರೆ ಅದರ ಕರಾರು. ರಾಜೀನಾಮೆ ಕೊಡುವ ಮೊದಲೇ ಇದನ್ನು ಮಾಡಿ. ಆಮೇಲೆ ಪೋರ್ಟಲ್ ಲಾಗಿನ್ ಇರುವುದಿಲ್ಲ.

ಹೆಜ್ಜೆ 2: ನಿಮ್ಮ ಕೆಲಸ ಯಾವ ದಿನ ಮುಗಿಯಿತು ಅಂತ ಬರೆದುಕೊಳ್ಳಿ. ಇದು ರಾಜೀನಾಮೆ ಮೇಲ್ ಕಳಿಸಿದ ದಿನವಲ್ಲ. ಕಂಪನಿ ನಿಮ್ಮನ್ನು ಬಿಡುಗಡೆ ಮಾಡಿದ ದಿನ. ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯುವಂತಿಲ್ಲ ಎಂಬ ಷರತ್ತು ಪೂರ್ತಿ ಊರ್ಜಿತ, ಅದಕ್ಕೆ 27ನೇ ಸೆಕ್ಷನ್ ಅಡ್ಡ ಬರುವುದಿಲ್ಲ.

1967ರ ಗೋಲಿಕಾರಿ ಪ್ರಕರಣ ಇದಕ್ಕೆ ಒಳ್ಳೇ ಉದಾಹರಣೆ. ಸೆಂಚುರಿ ಕಂಪನಿಯ ಕಲ್ಯಾಣ್ ಘಟಕದಲ್ಲಿ ಟೈರಿನೊಳಗೆ ಬಳಸುವ ನೂಲು ತಯಾರಿಸುವ ಕೆಲಸಕ್ಕೆ ಒಬ್ಬರು ಐದು ವರ್ಷದ ಕರಾರಿಗೆ ಸೇರಿದ್ದರು. ತಂತ್ರಜ್ಞಾನ ವಿದೇಶಿ ಕಂಪನಿಯದು, ಅದನ್ನು ಗುಟ್ಟಾಗಿಡುವ ಹೊಣೆ ಸೆಂಚುರಿಯ ಮೇಲಿತ್ತು. ಇವರು 1964ರಲ್ಲಿ ನಡುವೆಯೇ ಬಿಟ್ಟು, ಕೋಟಾದಲ್ಲಿದ್ದ ಪ್ರತಿಸ್ಪರ್ಧಿ ಕಂಪನಿಗೆ ಸೇರಿಕೊಂಡರು. ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಗಮನಿಸಿ: ತಡೆ ಇದ್ದದ್ದು ಐದು ವರ್ಷದ ಕರಾರಿನಲ್ಲಿ ಉಳಿದಿದ್ದ ಅವಧಿಗೆ ಮಾತ್ರ. ಹಾಗಾಗಿ ನಿಗದಿತ ಅವಧಿಯ ಕರಾರಿದ್ದವರು, ನೋಟಿಸ್ ಪಿರಿಯಡ್ ಮುಗಿಸದೆ ಮಾಯವಾಗುವವರು ಹುಷಾರಾಗಿರಬೇಕು. "ಇವರು ಇನ್ನೂ ನಮ್ಮ ನೌಕರರೇ" ಅಂತ ವಾದಿಸಲು ಕಂಪನಿಗೆ ನೀವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ನನ್ನ ಸಲಹೆ ಒಂದೇ: ನೋಟಿಸ್ ಪೂರ್ತಿ ಮುಗಿಸಿ, ಅಥವಾ ಕರಾರಿನಲ್ಲಿ ಅವಕಾಶವಿದ್ದರೆ ಬದಲಿಗೆ ಹಣ ಕಟ್ಟಿ, ರಿಲೀವಿಂಗ್ ಲೆಟರ್ ಕೈಗೆ ತೆಗೆದುಕೊಂಡೇ ಹೊರಡಿ.

ಹೆಜ್ಜೆ 3: ಆ ಒಂದು ಪ್ಯಾರಾವನ್ನು ಬಿಡಿಸಿ ಓದಿ. ಜಾಸ್ತಿ ಜನ ಎಡವುವುದು ಇಲ್ಲೇ. "ನಾನ್-ಕಂಪೀಟ್" ಅಂತ ತಲೆಬರಹ ಇರುತ್ತದೆ, ಒಳಗೆ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ತುರುಕಿರುತ್ತಾರೆ. ಅರ್ಧ ಪುಟದ ಒಂದೇ ವಾಕ್ಯ. ಪೆನ್ಸಿಲ್ ತಗೊಂಡು ಪ್ರತಿ ಭಾಗಕ್ಕೂ ಬೇರೆ ಗುರುತು ಹಾಕಿ, ಯಾಕೆಂದರೆ ಒಂದೊಂದಕ್ಕೂ ಕೋರ್ಟಿನಲ್ಲಿ ಸಿಗುವ ಬೆಲೆ ಬೇರೆ.

ಮೊದಲನೆಯದು ನಿಜವಾದ ನಾನ್-ಕಂಪೀಟ್: ಬಿಟ್ಟ ಮೇಲೆ ಇಂತಿಷ್ಟು ತಿಂಗಳು ಇಂಥ ಕಂಪನಿಗೆ ಸೇರಬಾರದು, ಇಂಥ ವ್ಯಾಪಾರ ಶುರು ಮಾಡಬಾರದು. ಇದು ನಿಲ್ಲುವುದಿಲ್ಲ. 1980ರ ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣದಲ್ಲಿ ಕೆಲಸ ಹೋದ ಮ್ಯಾನೇಜರ್ ದೆಹಲಿಯಲ್ಲಿ ಎರಡು ವರ್ಷ ಅದೇ ವ್ಯಾಪಾರ ಮಾಡಬಾರದು ಎಂಬ ಷರತ್ತಿತ್ತು. ಕಂಪನಿ ಸೋತಿತು. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಅವರ ಏಜೆನ್ಸಿ ಕರಾರಿನ ವಿವಾದದಲ್ಲೂ ಕರಾರು ಮುಗಿದ ನಂತರದ ತಡೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. 2025ರ ಜೂನ್‌ನಲ್ಲಿ ದೆಹಲಿ ಹೈಕೋರ್ಟಿಗೆ ಬಂದ ಪ್ರಕರಣ ಐಟಿಯವರಿಗೆ ಇನ್ನೂ ಹತ್ತಿರದ್ದು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ನೋಟಿಸ್ ಪಿರಿಯಡ್ ಮುಗಿಸಿ, ತಮ್ಮ ಕಂಪನಿಯ ಕ್ಲೈಂಟ್ ಆಗಿದ್ದ ಸರ್ಕಾರಿ ಸಂಸ್ಥೆಗೇ ಸೇರಿದ್ದರು. ಕ್ಲೈಂಟ್ ಬಳಿ ಮೂರು ವರ್ಷ ಸೇರುವಂತಿಲ್ಲ ಅಂತ ಕರಾರಿತ್ತು. ಕೆಳ ನ್ಯಾಯಾಲಯ ಕೊಟ್ಟಿದ್ದ ತಡೆಯಾಜ್ಞೆಯನ್ನು ಹೈಕೋರ್ಟು ತೆಗೆದುಹಾಕಿತು. ಅವರು ನೋಟಿಸ್ ಮುಗಿಸಿದ್ದರು ಎಂಬುದನ್ನು ಮರೆಯಬೇಡಿ.

ಎರಡನೆಯದು ಗೋಪ್ಯತೆ. ಇದು ಕೆಲಸ ಬಿಟ್ಟ ಮೇಲೂ ಜೀವಂತ. ಆದರೆ ಯಾವುದು ಗುಟ್ಟು ಅಂತ ಕಂಪನಿ ಬೆರಳು ಮಾಡಿ ತೋರಿಸಬೇಕು: ಸೋರ್ಸ್ ಕೋಡ್, ದರ ನಿಗದಿಯ ಲೆಕ್ಕ, ಇನ್ನೂ ಬಿಡುಗಡೆಯಾಗದ ವಿನ್ಯಾಸ. ನಿಮ್ಮ ತಲೆಯಲ್ಲಿರುವ ಅನುಭವ, ಕೈಗೆ ಹತ್ತಿದ ಕೌಶಲ ಅವರದ್ದಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಪ್ರಕರಣದಲ್ಲಿ (2006) ದೆಹಲಿ ಹೈಕೋರ್ಟು, ಗೋಪ್ಯತೆಯ ನೆಪದಲ್ಲಿ ನೌಕರರನ್ನು ಬೇರೆ ಕಡೆ ಸೇರದಂತೆ ತಡೆಯಲಾಗದು ಎಂದಿತು. ಅದೇ ನೀವು ಹೊರಡುವ ಹಿಂದಿನ ರಾತ್ರಿ ಗ್ರಾಹಕರ ಎಕ್ಸೆಲ್ ಶೀಟನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದರೆ ಕಥೆಯೇ ಬೇರೆ. ಸರ್ವರ್ ಲಾಗ್‌ನಲ್ಲಿ ಫೈಲಿನ ಹೆಸರು, ಗಂಟೆ, ನಿಮಿಷ ಎಲ್ಲ ಇರುತ್ತದೆ. ಅನುಮತಿಯಿಲ್ಲದೆ ಡೇಟಾ ನಕಲು ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಅಡಿಯೂ ಬರುತ್ತದೆ. ಬಿದ್ದುಹೋಗಬೇಕಿದ್ದ ಕೇಸಿಗೆ ಜೀವ ಬರುವುದು ಇಂಥ ಒಂದು ಮೇಲ್‌ನಿಂದಲೇ. ಸ್ಯಾಂಪಲ್‌ಗೆ ಅಂತ, ನೆನಪಿಗೆ ಅಂತ, ಏನನ್ನೂ ತರಬೇಡಿ.

ಮೂರನೆಯದು ಹಳೇ ಗ್ರಾಹಕರನ್ನು, ಸಹೋದ್ಯೋಗಿಗಳನ್ನು ಸೆಳೆಯಬಾರದು ಎಂಬ ನಾನ್-ಸಾಲಿಸಿಟ್ ಷರತ್ತು. ಇದು ನಡುಹಾದಿ, ಇಲ್ಲಿ ನಿರ್ಲಕ್ಷ್ಯ ಬೇಡ. 2009ರ ಡೆಸಿಕ್ಯಾಂಟ್ ರೋಟರ್ಸ್ ಪ್ರಕರಣದಲ್ಲಿ ಮಾರ್ಕೆಟಿಂಗ್ ಮ್ಯಾನೇಜರ್ ಒಬ್ಬರು ಪ್ರತಿಸ್ಪರ್ಧಿ ಕಂಪನಿಗೆ ಸೇರಿದ್ದನ್ನು ತಡೆಯಲು ದೆಹಲಿ ಹೈಕೋರ್ಟು ಒಪ್ಪಲಿಲ್ಲ. ಆದರೆ ಹಳೇ ಕಂಪನಿಯ ಗ್ರಾಹಕರು, ಪೂರೈಕೆದಾರರ ಬಳಿ ಹೋಗಿ ಕೇಳಬಾರದು ಎಂಬ ತಡೆ ಉಳಿಯಿತು. ಒಂದೇ ಕರಾರು, ಒಂದೇ ಕೇಸು, ಎರಡು ಉತ್ತರ. ವಿಪ್ರೊ ಮತ್ತು ಬೆಕ್‌ಮನ್ ಕೌಲ್ಟರ್ ಕಂಪನಿಗಳ ನಡುವಿನ 2006ರ ಇನ್ನೊಂದು ಪ್ರಕರಣದಲ್ಲಿ ಕೋರ್ಟು ನೋಡಿದ್ದು ಹೀಗೆ: ನೌಕರರು ತಾವಾಗಿ ಬರುವುದನ್ನು ತಡೆಯಲಾಗದು, ಇನ್ನೊಂದು ಕಂಪನಿ ಅವರನ್ನು ಗುರಿಯಿಟ್ಟು ಕರೆಯುವುದೇ ಪ್ರಶ್ನೆ. ಹಾಗಾಗಿ ಹಳೇ ಗ್ರಾಹಕರು ತಾವಾಗಿ ಫೋನ್ ಮಾಡಿದರೆ ಒಂದು ಥರ. ನೀವೇ ಎಲ್ಲರಿಗೂ "ನಾನೀಗ ಇಲ್ಲಿದ್ದೇನೆ, ಇಲ್ಲಿಗೇ ಬನ್ನಿ" ಅಂತ ವಾಟ್ಸ್ಆ್ಯಪ್ ಕಳಿಸಿದರೆ ಇನ್ನೊಂದು ಥರ. ಲಿಂಕ್ಡ್‌ಇನ್‌ನಲ್ಲಿ ಹೊಸ ಹುದ್ದೆ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಹಳೇ ಗ್ರಾಹಕರಿಗೆ ನೇರವಾಗಿ ಮೆಸೇಜ್ ಮಾಡಬೇಡಿ.

ನಾಲ್ಕನೆಯದು ಬಾಂಡ್: ಇಷ್ಟು ವರ್ಷ ಇರದಿದ್ದರೆ ಇಷ್ಟು ಹಣ. ಇದನ್ನೂ ನಾನ್-ಕಂಪೀಟ್ ಅಂತಲೇ ತಿಳಿದು "ಹಣ ಕೊಡಲ್ಲ" ಅನ್ನುವವರು ವಿಜಯಾ ಬ್ಯಾಂಕಿನ ಪ್ರಕರಣ ಓದಬೇಕು. ಅಧಿಕಾರಿಯೊಬ್ಬರು ಮೂರು ವರ್ಷ ಮುಗಿಯುವ ಮೊದಲೇ ಬೇರೆ ಬ್ಯಾಂಕಿಗೆ ಹೋದರು, ₹2 ಲಕ್ಷ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಈ ಷರತ್ತು ಕೆಲಸದಲ್ಲಿರುವ ಅವಧಿಗೆ ಸಂಬಂಧಿಸಿದ್ದು, ಹೊಸ ನೌಕರಿಗೆ ಸೇರಬೇಡಿ ಅಂತ ಹೇಳುತ್ತಿಲ್ಲ, ನೇಮಕಾತಿಗೆ ಬ್ಯಾಂಕಿಗೂ ಖರ್ಚಾಗಿರುತ್ತದೆ, ಹಾಗಾಗಿ ಇದು 27ನೇ ಸೆಕ್ಷನ್‌ಗೆ ವಿರುದ್ಧವಲ್ಲ. ಹಾಗಂತ ತರಬೇತಿಯನ್ನೇ ಕೊಡದೆ ದೊಡ್ಡ ಮೊತ್ತ ಬರೆಸಿಕೊಂಡ ಖಾಸಗಿ ಕಂಪನಿಗೆ ಅದು ಪೂರ್ತಿ ಸಿಗುತ್ತದೆ ಅಂತಲ್ಲ. ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದಿರುವ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ.

ನಡುವೆ ಒಂದು ಮಾತು. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಕರಾರುಗಳನ್ನು ಸಣ್ಣ ಕಂಪನಿಗಳು ಹಾಗೇ ಇಳಿಸಿಕೊಂಡು ಬಳಸುತ್ತವೆ. "ಈ ಅವಧಿ ನ್ಯಾಯಸಮ್ಮತವೆಂದು ನೌಕರರು ಒಪ್ಪುತ್ತಾರೆ" ಅಂತ ಅದರಲ್ಲಿ ಬರೆದಿರುತ್ತದೆ. ಬೇರೆ ದೇಶದ ಕಾನೂನಿಗೆ ಹೊಲಿದ ಸಾಲು ಅದು. ಅದಕ್ಕೆ ಸಹಿ ಹಾಕಿದಿರಿ ಅಂದ ಮಾತ್ರಕ್ಕೆ 27ನೇ ಸೆಕ್ಷನ್ ಸುಮ್ಮನಾಗುವುದಿಲ್ಲ.

ಹೆಜ್ಜೆ 4: ನೀವು ನೌಕರರಾಗಿ ಮಾತ್ರ ಸಹಿ ಹಾಕಿದ್ದೀರಾ ನೋಡಿ. ಸ್ಟಾರ್ಟಪ್ ಕಟ್ಟಿ ಅದನ್ನು ಮಾರಿ, ಕೊಂಡ ಕಂಪನಿಯಲ್ಲೇ ಸಂಬಳಕ್ಕೆ ಕೂತವರಿಗೆ ಲೆಕ್ಕ ಬೇರೆ. ವ್ಯಾಪಾರದ ಗುಡ್‌ವಿಲ್, ಅಂದರೆ ಅದು ಗಳಿಸಿದ ಹೆಸರು ಮತ್ತು ಗ್ರಾಹಕರ ನಂಬಿಕೆ, ಮಾರಿದವರು ಅದೇ ವ್ಯಾಪಾರವನ್ನು ನಿಗದಿತ ಜಾಗದಲ್ಲಿ ಮಾಡದಿರಲು ಒಪ್ಪಬಹುದು, ಮಿತಿ ನ್ಯಾಯವಾಗಿರಬೇಕು ಅಷ್ಟೆ. 27ನೇ ಸೆಕ್ಷನ್ನೇ ಕೊಟ್ಟಿರುವ ವಿನಾಯಿತಿ ಇದು. ನಿಮಗೆ ಬಂದ ಹಣ ಸಂಬಳವೋ, ಕಂಪನಿ ಮಾರಿದ ಬೆಲೆಯೋ ಅನ್ನುವುದರ ಮೇಲೆ ಉತ್ತರ ನಿಂತಿದೆ.

ಹೆಜ್ಜೆ 5: ಕೊನೆಯ ದಿನ ಹೊಸ ಕಾಗದಕ್ಕೆ ಸಹಿ ಹಾಕುವ ಮೊದಲು ಓದಿ. ಲ್ಯಾಪ್‌ಟಾಪ್ ವಾಪಸ್ ಕೊಟ್ಟು ರಸೀದಿ ತಗೊಳ್ಳಿ. ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಫಾರಂ ಜೊತೆ "ಗ್ರಾಹಕರ ಪಟ್ಟಿ ನನ್ನ ಬಳಿ ಇತ್ತು" ಎಂಬಂಥ ಮುಚ್ಚಳಿಕೆ ಇಟ್ಟಿರುತ್ತಾರೆ. ನಿಜವಲ್ಲದಿದ್ದರೆ ಆ ಸಾಲು ಹೊಡೆದುಹಾಕಿ ಸಹಿ ಮಾಡಿ.

ಹೆಜ್ಜೆ 6: ಲೀಗಲ್ ನೋಟಿಸ್ ಬಂದರೆ. ನೋಟಿಸ್ ಅಂದರೆ ಕೋರ್ಟಿನ ಆದೇಶವಲ್ಲ. ಎಚ್‌ಆರ್‌ಗೆ ಫೋನ್ ಮಾಡಿ ಜಗಳವಾಡಬೇಡಿ, ವಾಟ್ಸ್ಆ್ಯಪ್‌ನಲ್ಲಿ ಕ್ಷಮೆಯನ್ನೂ ಕೇಳಬೇಡಿ. ಎರಡೂ ಮುಂದೆ ದಾಖಲೆಯಾಗುತ್ತವೆ. ವಕೀಲರ ಮೂಲಕ ಚಿಕ್ಕ ಉತ್ತರ ಸಾಕು: ಇಂಥ ದಿನ ಬಿಡುಗಡೆಯಾದೆ, ಎಲ್ಲ ವಾಪಸ್ ಕೊಟ್ಟಿದ್ದೇನೆ, ಯಾವ ಗೋಪ್ಯ ಮಾಹಿತಿ ಬಳಸಿದ್ದೇನೆ ಅಂತ ನೀವು ಹೇಳುತ್ತೀರೋ ಅದನ್ನು ಸ್ಪಷ್ಟವಾಗಿ ತಿಳಿಸಿ.

ಅದರ ಜೊತೆಗೇ ಕೇವಿಯಟ್ ಹಾಕಿಸಿ, ಅಂದರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ಕೊಡುವ ಅರ್ಜಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಮ್ಮ ಮಾತು ಕೇಳದೆಯೇ ಕಂಪನಿ ತಾತ್ಕಾಲಿಕ ತಡೆಯಾಜ್ಞೆ ತಂದರೆ, ಕೊನೆಗೆ ನೀವೇ ಗೆದ್ದರೂ ಅಷ್ಟರಲ್ಲಿ ಹೊಸ ಕಂಪನಿ ಹೆದರಿ ಆಫರ್ ವಾಪಸ್ ಪಡೆದಿರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್ ಅಡಿ ಕೇವಿಯಟ್ ಇದ್ದರೆ ನಿಮಗೆ ಮೊದಲು ತಿಳಿಸಬೇಕು. ಎಲ್ಲಿ ಹಾಕಬೇಕು ಅನ್ನುವುದಕ್ಕೆ ಕರಾರಿನ ಕೊನೆ ಪುಟ ತಿರುಗಿಸಿ: ನೀವು ದುಡಿದದ್ದು ಬೆಂಗಳೂರಿನಲ್ಲಾದರೂ ವ್ಯಾಜ್ಯದ ಜಾಗ ಗುರುಗ್ರಾಮವೋ ಮುಂಬೈಯೋ ಆಗಿರಬಹುದು. ಅಲ್ಲಿಯ ಕೋರ್ಟಿನಲ್ಲಿ ಹಾಕದೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಮಾತ್ರ ಹಾಕಿದರೆ ಉಪಯೋಗವಿಲ್ಲ. ಕೇವಿಯಟ್ ನಡೆಯುವುದು 90 ದಿನ. ಅಷ್ಟರೊಳಗೆ ಕಂಪನಿ ಕೋರ್ಟಿಗೆ ಹೋಗದೆ, ನೋಟಿಸ್ ಬೆದರಿಕೆಯೂ ನಿಲ್ಲದಿದ್ದರೆ, ಇನ್ನೊಂದು ಹೊಸದಾಗಿ ಹಾಕಬೇಕು.