ಉದ್ಯೋಗ ಮೇಳ ಮುಗಿದ ಮೇಲೆ ಕಂಪನಿಯವರಿಗೆ ಮೇಲ್ ಬರೆಯುವುದು ಹೇಗೆ?

ಮೇಳದ ಸ್ಟಾಲ್‌ನಲ್ಲಿ ಕೂತವರು ಇಡೀ ದಿನ ನೂರಾರು ಜನರ ಜೊತೆ ಮಾತಾಡಿರುತ್ತಾರೆ. ಸಾಮಾನ್ಯವಾಗಿ ಕೆಲಸ ಕೊಡುವ ತೀರ್ಮಾನ ಅವರೊಬ್ಬರದೇ ಆಗಿರುವುದಿಲ್ಲ. ನಿಮ್ಮ ಮೇಲ್ ಬಂದರೆ ಅದನ್ನು ಸಂಬಂಧಪಟ್ಟ ವಿಭಾಗದ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುತ್ತಾರೆ, ಅಷ್ಟೇ. ಹಾಗಾಗಿ ನಿಮ್ಮನ್ನು ಕಂಡೇ ಇರದ ಆ ಮ್ಯಾನೇಜರ್‌ಗೂ ಎಲ್ಲ ಅರ್ಥವಾಗುವಂತೆ ಮೇಲ್ ಇರಬೇಕು.

ಕೆಲಸ ಶುರುವಾಗುವುದು ಮೇಳದಲ್ಲೇ. ಸ್ಟಾಲ್‌ನಿಂದ ಈಚೆ ಬಂದ ತಕ್ಷಣ ವಿಸಿಟಿಂಗ್ ಕಾರ್ಡಿನ ಹಿಂದೆ ಮೂರು ವಿಷಯ ಬರೆದುಕೊಳ್ಳಿ: ಯಾವ ಕೆಲಸದ ಬಗ್ಗೆ ಮಾತಾಯಿತು, ಅವರು ನಿಮ್ಮನ್ನು ಏನು ಕೇಳಿದರು, ಏನು ಕಳಿಸಲು ಹೇಳಿದರು. ಸಂಜೆಯ ಹೊತ್ತಿಗೆ ಹತ್ತು ಸ್ಟಾಲ್‌ಗಳ ಮಾತು ಕಲಸಿಹೋಗಿರುತ್ತದೆ. ಕಾರ್ಡ್ ಕೊಡದೆ ಬಾಯಲ್ಲಿ ಹೇಳಿದರೆ ಮೇಲ್ ಐಡಿಯನ್ನು ಅವರ ಎದುರೇ ಬರೆದು ತೋರಿಸಿ. ಒಂದು ಚುಕ್ಕೆ ತಪ್ಪಿದರೂ ಮೇಲ್ ವಾಪಸ್ ಬರುತ್ತದೆ, ಇಲ್ಲವೇ ಬೇರೆ ಯಾರಿಗೋ ಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ಮಂಡ್ಯದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ಸೆಮಿಸ್ಟರ್ ಓದುತ್ತಿರುವ ಹುಡುಗಿ. ಶನಿವಾರ ಮೈಸೂರಿನ ಮೇಳದಲ್ಲಿ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯವರೊಂದಿಗೆ ಮಾತಾಡಿದ್ದಾಳೆ. ಕ್ವಾಲಿಟಿ ವಿಭಾಗದಲ್ಲಿ ಟ್ರೈನಿ ಕೆಲಸ. 'ಬೋರ್ ಗೇಜ್ ಹಿಡಿದಿದ್ದೀಯಾ?' ಎಂದು ಕೇಳಿದ್ದಾರೆ, ಅಂದರೆ ರಂಧ್ರದ ಒಳವ್ಯಾಸ ಅಳೆಯುವ ಉಪಕರಣ. ಇಲ್ಲ ಎಂದಿದ್ದಾಳೆ.

ಅವಳ ಮೇಲ್‌ಗೆ ಬೇಕಾದ ಒಳ್ಳೆಯ ವಿಷಯ ಆ 'ಇಲ್ಲ'ದಲ್ಲೇ ಇದೆ. ಸೋಮವಾರ ಲ್ಯಾಬ್‌ನಲ್ಲಿ ಮೇಷ್ಟ್ರನ್ನು ಕೇಳಿ ಗೇಜ್ ಬಳಸಿ ನೋಡಬಹುದಲ್ವಾ? ನೋಡಿದ ಮೇಲೆ ಅಂದೇ ಸಂಜೆ ಹೀಗೆ ಬರೆಯಬಹುದು:

ವಿಷಯ: ಕ್ವಾಲಿಟಿ ಟ್ರೈನಿ ಕೆಲಸ – ಶನಿವಾರದ ಮೈಸೂರು ಮೇಳ – ಡಿಪ್ಲೊಮಾ ಮೆಕ್ಯಾನಿಕಲ್

ಸರ್, ನಮಸ್ಕಾರ.

ಶನಿವಾರ ನಿಮ್ಮ ಸ್ಟಾಲ್‌ನಲ್ಲಿ ಕ್ವಾಲಿಟಿ ವಿಭಾಗದ ಟ್ರೈನಿ ಕೆಲಸದ ಬಗ್ಗೆ ಕೇಳಿದ್ದೆ. ಮಂಡ್ಯದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ನೀವು ಬೋರ್ ಗೇಜ್ ಬಗ್ಗೆ ಕೇಳಿದಾಗ ನಾನು ಅದನ್ನು ಬಳಸಿರಲಿಲ್ಲ. ಇವತ್ತು ಲ್ಯಾಬ್‌ನಲ್ಲಿ ಮೈಕ್ರೋಮೀಟರ್ ಇಟ್ಟು ಗೇಜ್‌ಗೆ ಸೊನ್ನೆ ಹೊಂದಿಸಿಕೊಂಡು, ಒಂದು ಸಿಲಿಂಡರ್ ಲೈನರ್‌ನ ಒಳವ್ಯಾಸವನ್ನು ಮೂರು ಆಳಗಳಲ್ಲಿ, ಪ್ರತಿ ಆಳದಲ್ಲೂ ಎರಡು ದಿಕ್ಕಿನಲ್ಲಿ ಅಳೆದೆ. ರೆಸ್ಯೂಮೆ ಲಗತ್ತಿಸಿದ್ದೇನೆ. ಈ ಕೆಲಸಕ್ಕೆ ಕಂಪನಿಯ ವೆಬ್‌ಸೈಟ್‌ನಲ್ಲೂ ಅರ್ಜಿ ಹಾಕಬೇಕೇ, ತಿಳಿಸುತ್ತೀರಾ?

ಕೆಳಗೆ ಹೆಸರು, ಕಾಲೇಜು, ಫೋನ್ ನಂಬರ್.

ಮೂರು ಆಳ, ಎರಡು ದಿಕ್ಕು ಎಂದು ಬರೆದದ್ದು ಸುಮ್ನೆ ಅಲ್ಲ. ಲೈನರ್ ಮೇಲಿಂದ ಕೆಳಕ್ಕೆ ಎಷ್ಟು ಸವೆದಿದೆ, ಎಷ್ಟು ಅಂಡಾಕಾರವಾಗಿದೆ ಎಂದು ತಿಳಿಯುವುದು ಹಾಗೆ ಅಳೆದಾಗಲೇ. ಮ್ಯಾನೇಜರ್ ಆ ಸಾಲು ಓದಿದರೆ, ಇವಳು ನಿಜವಾಗಿ ಗೇಜ್ ಹಿಡಿದಿದ್ದಾಳೆ ಎಂದು ಗೊತ್ತಾಗುತ್ತದೆ. ಮಾಡದೆ ಮಾತ್ರ ಬರೆಯಬೇಡಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದೇ ಆಗುತ್ತದೆ.

ಕೊನೆಯ ಪ್ರಶ್ನೆಯನ್ನೂ ಗಮನಿಸಿ. 'ದಯವಿಟ್ಟು ಒಂದು ಅವಕಾಶ ಕೊಡಿ' ಎಂದರೆ ಅವರಿಗೆ ಏನು ಉತ್ತರಿಸಬೇಕೋ ತಿಳಿಯುವುದಿಲ್ಲ. ಅರ್ಜಿ ಎಲ್ಲಿ ಹಾಕಬೇಕು ಎಂದರೆ ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ. ವೆಬ್‌ಸೈಟ್‌ನಲ್ಲಿ ಹಾಕಿ ಎಂದು ಮೇಳದಲ್ಲೇ ಹೇಳಿದ್ದರೆ ಮೊದಲು ಹಾಕಿ, ಅರ್ಜಿ ಸಂಖ್ಯೆಯನ್ನು ಮೇಲ್‌ನಲ್ಲಿ ಬರೆಯಿರಿ. ಮಾತು ಕನ್ನಡದಲ್ಲಿ ಆಗಿದ್ದರೂ ಮೇಲ್ ಬೆಂಗಳೂರು, ಪುಣೆಗೆ ಹೋಗುವ ಹಾಗಿದ್ದರೆ ಇಂಗ್ಲಿಷಿನಲ್ಲಿ ಇಷ್ಟನ್ನೇ ಸರಳವಾಗಿ ಬರೆಯಿರಿ.

ರೆಸ್ಯೂಮೆ ಪಿಡಿಎಫ್ ಆಗಿರಲಿ, ಫೈಲಿಗೆ ನಿಮ್ಮ ಹೆಸರೇ ಇರಲಿ. ಡ್ರೈವ್ ಲಿಂಕ್ ಕಳಿಸುವವರು ಜಾಸ್ತಿ ಎಡವುವುದು ಇಲ್ಲೇ: ಅನುಮತಿ ಬದಲಾಯಿಸದಿದ್ದರೆ ಫೈಲ್ ಅವರಿಗೆ ತೆರೆಯುವುದಿಲ್ಲ, ನಿಮಗೆ ಮಾತ್ರ ತೆರೆಯುತ್ತದೆ. ಸ್ನೇಹಿತರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.

ಉತ್ತರ ಬರದಿದ್ದರೆ ಒಂದು ವಾರ ಬಿಡಿ. ಆಮೇಲೆ ಅದೇ ಮೇಲ್‌ಗೆ ರಿಪ್ಲೈ ಒತ್ತಿ ಎರಡು ಸಾಲು ಬರೆಯಿರಿ. ಹೊಸ ಮೇಲ್ ಬರೆದರೆ ಹಳೆಯ ಮಾತು ಕೆಳಗೆ ಕಾಣುವುದಿಲ್ಲ. ಅದಕ್ಕೂ ಉತ್ತರ ಇಲ್ಲವೆಂದರೆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕ ಕೇಳಿಸಿ. ಮೂರನೇ ಮೇಲ್ ಬೇಡ, ರಾತ್ರಿ ವಾಟ್ಸ್ಆ್ಯಪ್ ಅಂತೂ ಬೇಡವೇ ಬೇಡ.

ರಿಜಿಸ್ಟ್ರೇಷನ್ ಇಲ್ಲವೇ ತರಬೇತಿ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ನೀವೇ ಫೋನ್ ಮಾಡಿ ವಿಚಾರಿಸಿ.

'ಎಚ್‌ಆರ್‌ಗೆ ಕಳಿಸಿದ್ದೇನೆ' ಎಂದು ಉತ್ತರ ಬಂದರೆ ಅವತ್ತೇ ಒಂದು ಸಾಲಿನಲ್ಲಿ ಧನ್ಯವಾದ ಹೇಳಿ. ಇನ್ನು ಮುಂದೆ ಕರೆ ಬರುವುದು ನಿಮಗೆ ಗೊತ್ತಿಲ್ಲದ ನಂಬರ್‌ನಿಂದ. ಅಂಥ ಕರೆಗಳನ್ನು ಸೈಲೆಂಟ್ ಮಾಡುವ ಸೆಟ್ಟಿಂಗ್ ಫೋನಿನಲ್ಲಿ ಇದ್ದರೆ ತೆಗೆದುಬಿಡಿ.